ದಾರಿ ತಪ್ಪುವವರಿಗೆ ಯಾವ ಮೆಟ್ರಾಯ್ಡ್‌ವೇನಿಯಾ?

ಮೆಟ್ರಾಯ್ಡ್‌ವೇನಿಯಾ ಎಂಬ ಬಗೆಯ ವಿಡಿಯೊ ಆಟವನ್ನು ಅರ್ಧಕ್ಕೆ ಕೈಬಿಟ್ಟವರನ್ನು ಕೇಳಿ ನೋಡಿ. ಬಾಸ್ ಎಂಬ ದೊಡ್ಡ ಶತ್ರುವಿನ ಕೈಯಲ್ಲಿ ಸೋತು ಸೋತು ಬೇಸತ್ತೆ ಎನ್ನುವವರು ಕೆಲವರಿರುತ್ತಾರೆ. ‘ಮುಂದೆ ಎಲ್ಲಿಗೆ ಹೋಗಬೇಕೆಂದೇ ತಿಳಿಯಲಿಲ್ಲ’ ಎನ್ನುವವರು ಅವರಿಗಿಂತ ಹೆಚ್ಚು ಸಿಗುತ್ತಾರೆ. ವಿಚಿತ್ರವೆಂದರೆ ಇವರಲ್ಲಿ ಅನೇಕರಿಗೆ ಅಲೆದಾಟವೆಂದರೆ ಪ್ರಾಣ. ಬೇಕೆಂದೇ ಅಡ್ಡದಾರಿ ಹಿಡಿಯುತ್ತಾರೆ, ಅನುಮಾನ ಬಂದ ಗೋಡೆಗೆಲ್ಲ ಒಂದು ಏಟು ಹಾಕಿ ನೋಡುತ್ತಾರೆ, ನೇರ ದಾರಿ ಕಂಡರೆ ಅದನ್ನು ಬಿಟ್ಟು ಪಕ್ಕದ ಸಂದಿಗೆ ನುಗ್ಗುತ್ತಾರೆ. ಕೈಕೊಡುವುದು ದಿಕ್ಕಿನ ನೆನಪು ಮಾತ್ರ. ಅಂಥವರಿಗೆ ‘ಈ ಬಗೆಯ ಆಟ ನಿಮಗೆ ಒಗ್ಗುವುದಿಲ್ಲ’ ಎಂದು ಹೇಳಿ ಕಳುಹಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದೊಂದು ಆಟದ ನಕ್ಷೆಯೂ ಒಂದೊಂದು ಬಗೆಯ ಕೆಲಸ ಮಾಡುತ್ತದೆ. ನಿಮಗೆ ಬೇಕಾದ ಕೆಲಸ ಮಾಡುವ ನಕ್ಷೆಯಿರುವ ಆಟವನ್ನು ಆರಿಸಿಕೊಂಡರೆ ಅರ್ಧ ತೊಂದರೆ ಆಗಲೇ ಕಳೆಯುತ್ತದೆ.

ಈ ಪ್ರಕಾರದ ಆಟಗಳ ಕಟ್ಟಡವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಇಲ್ಲಿ ಒಂದಾದ ಮೇಲೊಂದು ಬರುವ ಹಂತಗಳಿಲ್ಲ. ಒಂದಕ್ಕೊಂದು ಹೆಣೆದುಕೊಂಡ ನೂರಾರು ಕೋಣೆಗಳ ಒಂದೇ ದೊಡ್ಡ ಲೋಕವಿರುತ್ತದೆ. ಆರಂಭದಲ್ಲೇ ದಾಟಲಾಗದ ಕಂದಕ, ಹತ್ತಲಾಗದ ಕಟ್ಟೆ, ತೆರೆಯಲಾಗದ ಬಾಗಿಲು ಎದುರಾಗುತ್ತವೆ. ಎಷ್ಟೋ ಹೊತ್ತಿನ ನಂತರ, ಬೇರೆಲ್ಲೋ, ಗಾಳಿಯಲ್ಲಿ ಎರಡನೆಯ ಬಾರಿ ಜಿಗಿಯುವ ಶಕ್ತಿಯೋ ಬಾಗಿಲು ಒಡೆಯುವ ಆಯುಧವೋ ಸಿಗುತ್ತದೆ. ಆಗ ಹಿಂದಕ್ಕೆ ಹೋಗಿ ಆ ಬಾಗಿಲನ್ನು ತೆರೆಯಬೇಕು. ಅಂದರೆ ಆಟದ ಸುಖವೆಲ್ಲ ನೆನಪಿನ ಮೇಲೆಯೇ ನಿಂತಿದೆ. 1986ರ ಮೊದಲ ಮೆಟ್ರಾಯ್ಡ್‌ನಲ್ಲಿ ನಕ್ಷೆಯೇ ಇರಲಿಲ್ಲ. ಆಡುವವರು ಕಾಗದದ ಮೇಲೆ ತಾವೇ ಬರೆದುಕೊಳ್ಳಬೇಕಿತ್ತು. 1994ರ ಸೂಪರ್ ಮೆಟ್ರಾಯ್ಡ್ ನಡೆದಂತೆಲ್ಲ ತಾನೇ ತುಂಬಿಕೊಳ್ಳುವ ನಕ್ಷೆಯನ್ನು ಕೊಟ್ಟಿತು. 1997ರ ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್ ಕೋಟೆಯನ್ನೆಲ್ಲ ಚೌಕಗಳಲ್ಲಿ ಹಾಸಿ, ಎಷ್ಟು ಭಾಗ ನೋಡಿದಿರಿ ಎಂದು ಶೇಕಡಾ ಲೆಕ್ಕವನ್ನೂ ಇಟ್ಟಿತು. ಆದರೂ ಆ ನಕ್ಷೆಗಳು ಹೇಳುತ್ತಿದ್ದುದು ಮುಖ್ಯವಾಗಿ ‘ಇಲ್ಲಿಗೆ ಬಂದಿದ್ದೀರಿ’ ಎಂಬುದನ್ನು. ಇಲ್ಲಿ ಏನು ಬಾಕಿ ಉಳಿಯಿತು ಎಂಬುದನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕಿತ್ತು.

ದಾರಿ ತಪ್ಪುವುದು ಎಂದರೆ ಎಲ್ಲರಿಗೂ ಒಂದೇ ಅಲ್ಲ. ಮುಂದಿನ ಸಲ ಸಿಕ್ಕಿಹಾಕಿಕೊಂಡಾಗ ನಕ್ಷೆ ತೆರೆದು ನಿಮ್ಮ ಕಣ್ಣು ಏನನ್ನು ಹುಡುಕುತ್ತದೆ ಎಂದು ಗಮನಿಸಿ. ಕೆಲವರ ಕಣ್ಣು ಮೊದಲು ತಮ್ಮ ಪಾತ್ರದ ಗುರುತನ್ನೇ ಹುಡುಕುತ್ತದೆ. ಇವರಿಗೆ ತಾವಿರುವ ಜಾಗವೇ ಗೊತ್ತಾಗುವುದಿಲ್ಲ. ಕೆಲವರಿಗೆ ತಾವೆಲ್ಲಿದ್ದೇವೆ ಎಂಬುದು ಸ್ಪಷ್ಟವಾಗಿರುತ್ತದೆ, ಆದರೆ ಹೋಗಬೇಕಾದ ಕಡೆ ಯಾವುದೆಂದು ತಿಳಿಯದೆ ನಕ್ಷೆಯ ಅಂಚಿನಿಂದ ಅಂಚಿಗೆ ಕಣ್ಣಾಡಿಸುತ್ತಾರೆ. ಇನ್ನು ಕೆಲವರು ಒಂದು ಕೋಣೆಯ ಮೇಲೆ ಕಣ್ಣು ನೆಟ್ಟು ‘ಇಲ್ಲಿ ಏನೋ ಇತ್ತಲ್ಲ, ಏನದು?’ ಎಂದು ತಲೆ ಕೆರೆದುಕೊಳ್ಳುತ್ತಾರೆ. ಮೊದಲ ತೊಂದರೆಗೆ ಇಂದಿನ ಬಹುತೇಕ ಆಟಗಳಲ್ಲಿ ಮದ್ದಿದೆ. ಎರಡನೆಯದಕ್ಕೆ ಗುರಿ ತೋರಿಸುವ ಬಾಣವೋ ಚುಕ್ಕೆಯೋ ಸಾಕು. ಮೂರನೆಯದೇ ನಿಜವಾದ ತಲೆನೋವು. ಅದಕ್ಕೆ ಸರಿಯಾದ ಉತ್ತರ ಕೊಟ್ಟ ಆಟಗಳು ಕಡಿಮೆ, ಆದ್ದರಿಂದ ಅವುಗಳ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಬೇಕಾಗಿದೆ.

ಒಂದೇ ಆಟ ಹೇಳಿ ಎಂದರೆ ನಾನು ಹೇಳುವುದು ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್. ಯೂಬಿಸಾಫ್ಟ್‌ನ ಮಾಂಪೆಲಿಯೆ ಸ್ಟುಡಿಯೋ ತಯಾರಿಸಿದ ಈ ಆಟ 2024ರ ಜನವರಿಯಲ್ಲಿ ಬಂತು. ಕಂಪ್ಯೂಟರ್ ಮತ್ತು ಕನ್ಸೋಲ್‌ಗಳಲ್ಲಿ ಮಾತ್ರವಲ್ಲ, ಮರುವರ್ಷ ಬಂದ ಮೊಬೈಲ್ ಆವೃತ್ತಿಯಲ್ಲೂ ಆಡಬಹುದು. ಸರ್ಗೋನ್ ಎಂಬ ಯೋಧ, ಅಪಹರಿಸಲಾದ ರಾಜಕುಮಾರನನ್ನು ಹುಡುಕುತ್ತಾ ಕಾಲವೇ ಕೆಟ್ಟುಹೋದ ಕಾಫ್ ಪರ್ವತಕ್ಕೆ ಬರುತ್ತಾನೆ. ಕಥೆ ಇಲ್ಲಿಗೆ ಸಾಕು. ನಮಗೆ ಬೇಕಾದದ್ದು ಅವನ ಜೇಬಿನಲ್ಲಿರುವ ನೆನಪಿನ ಚೂರುಗಳು.

ದಾಟಲಾಗದ ಅಡೆತಡೆ ಎದುರಾದಾಗ ಒಂದು ಗುಂಡಿ ಒತ್ತಿದರೆ, ಆ ಕ್ಷಣ ಪರದೆಯ ಮೇಲಿರುವ ದೃಶ್ಯವನ್ನು ಆಟ ಚಿತ್ರವಾಗಿ ಹಿಡಿದು, ನಕ್ಷೆಯಲ್ಲಿ ಅದೇ ಜಾಗಕ್ಕೆ ಅಂಟಿಸುತ್ತದೆ. ಆಮೇಲೆ ನಕ್ಷೆ ತೆರೆದು ಆ ಗುರುತಿನ ಮೇಲೆ ಕರ್ಸರ್ ಇಟ್ಟರೆ ಚಿತ್ರ ಕಾಣಿಸುತ್ತದೆ. ಇಷ್ಟೇ. ಕೇಳಿದಾಗ ‘ಇದರಲ್ಲೇನು ದೊಡ್ಡ ವಿಷಯ’ ಎನಿಸಬಹುದು. ಆದರೆ ಹಳೆಯ ಆಟಗಳಲ್ಲಿ ನಕ್ಷೆಯ ಮೇಲೆ ಹಾಕುತ್ತಿದ್ದ ಗುರುತುಗಳನ್ನು ನೆನಪಿಸಿಕೊಳ್ಳಿ. ಕೆಂಪು ಚುಕ್ಕೆ ಹಾಕಿರುತ್ತೇವೆ, ವಾರ ಕಳೆದ ಮೇಲೆ ನೋಡಿದರೆ ಆ ಕೆಂಪು ಚುಕ್ಕೆ ಬಾಗಿಲಿಗೋ ಪೆಟ್ಟಿಗೆಗೋ ಬಾಸ್‌ಗೋ ಎಂಬುದೇ ಮರೆತುಹೋಗಿರುತ್ತದೆ. ಚುಕ್ಕೆ ಜಾಗವನ್ನು ನೆನಪಿಡುತ್ತದೆ, ಕಾರಣವನ್ನಲ್ಲ. ಚಿತ್ರ ಎರಡನ್ನೂ ಹಿಡಿದಿಡುತ್ತದೆ.

ಇದನ್ನು ಬಳಸುವ ಬಗೆಯನ್ನು ಒಂದು ಸಂದರ್ಭ ಇಟ್ಟುಕೊಂಡು ನೋಡೋಣ. ಆಟದ ಆರಂಭದ ಭಾಗದಲ್ಲಿ ಸರ್ಗೋನ್‌ಗೆ ಒಂದೇ ಜಿಗಿತ. ಒಂದು ಕೋಣೆಯಲ್ಲಿ ಅವನ ಜಿಗಿತಕ್ಕಿಂತ ಎತ್ತರದಲ್ಲಿ ಒಂದು ಕಟ್ಟೆ, ಅದರ ಮೇಲೆ ಒಂದು ಪೆಟ್ಟಿಗೆ. ಪಕ್ಕದಲ್ಲಿ ಹಿಡಿದು ಹತ್ತಲು ಗೋಡೆಯಿಲ್ಲ. ಇನ್ನೊಂದು ಕೋಣೆಯಲ್ಲಿ ಅಗಲವಾದ ಕಂದಕ, ಆಚೆ ದಡದಲ್ಲಿ ಬಾಗಿಲು. ಮೂರನೆಯದರಲ್ಲಿ ಗಾಳಿಯಲ್ಲಿ ತೂಗುವ ಹೊಳೆಯುವ ಕೊಂಡಿ, ಅದಕ್ಕೆ ಏನನ್ನೋ ಎಸೆದು ಜೋತುಬೀಳಬೇಕು ಎಂಬ ಸುಳಿವು ಮಾತ್ರ ಇದೆ. ಮೂರು ಕಡೆಯೂ ಒಂದೊಂದು ಚೂರು ಖರ್ಚು ಮಾಡಿ ಚಿತ್ರ ಹಿಡಿಯುತ್ತೀರಿ. ಕೆಲವು ತಾಸುಗಳ ನಂತರ ಗಾಳಿಯಲ್ಲಿ ರಭಸದಿಂದ ಮುನ್ನುಗ್ಗುವ ಶಕ್ತಿ ಸಿಗುತ್ತದೆ. ಈಗ ನಕ್ಷೆ ತೆರೆದು ಮೂರು ಚಿತ್ರಗಳನ್ನೂ ನೋಡಿ. ಕಟ್ಟೆ ಎತ್ತರದ ಸಮಸ್ಯೆ, ಅಡ್ಡಕ್ಕೆ ನುಗ್ಗುವುದರಿಂದ ಬಗೆಹರಿಯದು. ಕೊಂಡಿಗೆ ಬೇರೆ ಉಪಕರಣ ಬೇಕು. ಕಂದಕ ಮಾತ್ರ ಅಗಲದ ಸಮಸ್ಯೆ. ಹೋಗಬೇಕಾದದ್ದು ಅಲ್ಲಿಗೆ. ಉಳಿದೆರಡು ಕಡೆಗೆ ಓಡಿ ಹೋಗಿ, ಗೋಡೆಗೆ ತಲೆ ಬಡಿದುಕೊಂಡು ಮರಳುವ ಕೆಲಸ ತಪ್ಪಿತು. ಎರಡನೆಯ ಜಿಗಿತ ಈ ಆಟದಲ್ಲಿ ಬಹಳ ತಡವಾಗಿ ಬರುತ್ತದೆ. ಅದು ಬಂದ ದಿನ ಆ ಕಟ್ಟೆಯ ಚಿತ್ರ ನಕ್ಷೆಯಲ್ಲಿ ಕಾಯುತ್ತಲೇ ಇರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟುಗಳೂ ಇವೆ. ಜನ ಪೆಟ್ಟಿಗೆಯ ಚಿತ್ರ ಹಿಡಿಯುತ್ತಾರೆ, ಅಡ್ಡಿಯ ಚಿತ್ರವನ್ನಲ್ಲ. ಪೆಟ್ಟಿಗೆಯ ಹತ್ತಿರಕ್ಕೆ ಹೋದಷ್ಟೂ ಚಿತ್ರದಲ್ಲಿ ಪೆಟ್ಟಿಗೆ ನಡುವಿಗೆ ಬರುತ್ತದೆ, ದಾರಿ ತಡೆದದ್ದು ಏನೆಂಬುದು ಚೌಕಟ್ಟಿನ ಆಚೆ ಉಳಿಯುತ್ತದೆ. ಚಿತ್ರಕ್ಕೆ ಅಡಿಬರಹ ಬರೆಯುವ ಅವಕಾಶವಿಲ್ಲದ ಕಾರಣ ಆ ಚಿತ್ರ ಮುಂದೆ ಏನೂ ಹೇಳುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ನೀವು ನಿಂತ ನೆಲ ಮತ್ತು ತಲುಪಬೇಕಾದ ಜಾಗ ಎರಡೂ ಕಾಣುವಂತೆ ಹಿಡಿಯಬೇಕು. ಇನ್ನೊಂದು, ಚೂರುಗಳಿಗೆ ಮಿತಿಯಿದೆ. ಆರಂಭದಲ್ಲಿ ಕೆಲವೇ ಇರುತ್ತವೆ, ಆಟ ಮುಂದುವರಿದಂತೆ ಹೆಚ್ಚುತ್ತವೆ. ಕೆಲಸ ಮುಗಿದ ಚಿತ್ರವನ್ನು ಅಳಿಸಿದರೆ ಚೂರು ಮರಳಿ ಕೈಗೆ ಬರುತ್ತದೆ. ಅಳಿಸುವ ಅಭ್ಯಾಸವಿಲ್ಲದವರ ನಕ್ಷೆ ಬಗೆಹರಿದ ಸಮಸ್ಯೆಗಳ ಚಿತ್ರಗಳಿಂದ ತುಂಬಿಹೋಗಿ, ಹೊಸದು ಕಂಡಾಗ ಜೇಬು ಖಾಲಿಯಿರುತ್ತದೆ. ಆದ್ದರಿಂದ ಪೆಟ್ಟಿಗೆಯಂಥ ಸಣ್ಣ ಗುರುತಿಗೆ ನಕ್ಷೆಯ ಮಾಮೂಲಿ ಚಿಹ್ನೆಗಳನ್ನು ಬಳಸಿ, ಚೂರುಗಳನ್ನು ‘ಇದನ್ನು ಹೇಗೆ ದಾಟುವುದೋ ಗೊತ್ತಿಲ್ಲ’ ಎನಿಸುವ ಜಾಗಗಳಿಗೆ ಉಳಿಸಿಕೊಳ್ಳುವುದು ಜಾಣತನ.

ಇದೇ ಆಟದಲ್ಲಿ ‘ಎಲ್ಲಿಗೆ ಹೋಗಲಿ’ ಎಂಬ ಎರಡನೆಯ ತೊಂದರೆಗೂ ಉತ್ತರವಿದೆ. ಆರಂಭದಲ್ಲೇ ಅದು ಎರಡು ಬಗೆಯ ಆಟವನ್ನು ಮುಂದಿಡುತ್ತದೆ, ಒಂದು ಅನ್ವೇಷಣೆಯದು, ಇನ್ನೊಂದು ಮಾರ್ಗದರ್ಶನದ್ದು. ಮಾರ್ಗದರ್ಶನವನ್ನು ಆರಿಸಿದರೆ ಮುಖ್ಯ ಗುರಿ ನಕ್ಷೆಯಲ್ಲಿ ಕಾಣುತ್ತದೆ. ಜೊತೆಗೆ ಯಾವ ದಾರಿಗಳನ್ನು ಈಗ ದಾಟಬಹುದು, ಯಾವುದನ್ನು ಈಗ ದಾಟಲಾಗದು ಎಂಬ ಸೂಚನೆಯೂ ಸಿಗುತ್ತದೆ. ಮೊದಲ ದಿನವೇ ಇದನ್ನು ನಿರ್ಧರಿಸಿಬಿಡಬೇಕೆಂದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಯಾವಾಗ ಬೇಕಾದರೂ ಬದಲಾಯಿಸಬಹುದು. ನನ್ನ ಸಲಹೆ: ಅನ್ವೇಷಣೆಯಲ್ಲಿಟ್ಟು ಆಡಿ, ತಲೆಕೆಟ್ಟಾಗ ಮಾರ್ಗದರ್ಶನಕ್ಕೆ ಬದಲಿಸಿ, ಗುರಿಯಿರುವ ದಿಕ್ಕನ್ನು ನೋಡಿಕೊಂಡು ಮತ್ತೆ ಹಳೆಯದಕ್ಕೆ ಮರಳಿ. ಇದರಲ್ಲಿ ಮೋಸವೇನಿಲ್ಲ. ಆಟ ತಯಾರಿಸಿದವರೇ ಬಾಗಿಲು ತೆರೆದಿಟ್ಟಿದ್ದಾರೆ. ಪ್ರದೇಶಗಳ ನಕ್ಷೆ ಮಾರುವ ಫರೀಬಾ ಎಂಬ ಹುಡುಗಿಯೂ ಅಲ್ಲಲ್ಲಿ ಸಿಗುತ್ತಾಳೆ. ಹೊಸ ಪ್ರದೇಶದಲ್ಲಿ ಅವಳು ಕಂಡರೆ ಬೇರೆ ಖರ್ಚು ಮುಂದೂಡಿ ನಕ್ಷೆಯನ್ನೇ ಮೊದಲು ಕೊಳ್ಳಿ.

ಒಂದು ಎಚ್ಚರಿಕೆ. ಈ ಆಟದಲ್ಲಿ ದಾರಿ ಸಿಕ್ಕ ಮಾತ್ರಕ್ಕೆ ದಾಟುವುದು ಸುಲಭವಾಗುವುದಿಲ್ಲ. ಮುಳ್ಳುಗಳ ನಡುವೆ ನೆಗೆಯುತ್ತಾ ಸಾಗುವ ಭಾಗಗಳು ಬೆರಳುಗಳನ್ನು ಚೆನ್ನಾಗಿ ದುಡಿಸುತ್ತವೆ. ಅಂಥ ಕಡೆ ಮುಖ್ಯ ದಾರಿಯ ಕಷ್ಟದ ನೆಗೆತವನ್ನು ತಪ್ಪಿಸಿ ಆಚೆಗೆ ಕಳುಹಿಸುವ ನೆರವೂ ಸೆಟ್ಟಿಂಗ್ಸ್‌ನಲ್ಲಿದೆ. ದಾರಿಯ ತೊಂದರೆಗೂ ಬೆರಳಿನ ತೊಂದರೆಗೂ ಬೇರೆ ಬೇರೆ ನೆರವು ಇಟ್ಟಿರುವುದು ಈ ಆಟದ ದೊಡ್ಡತನ.

ನೆನಪಿನ ಸಮಸ್ಯೆಗೆ ಬೇರೆಯದೇ ರೀತಿಯ ಉತ್ತರ ಕೊಟ್ಟದ್ದು ಮೆಟ್ರಾಯ್ಡ್ ಡ್ರೆಡ್. ನಿಂಟೆಂಡೊ ಸ್ವಿಚ್‌ಗಾಗಿ ಮರ್ಕ್ಯುರಿಸ್ಟೀಮ್ ಸ್ಟುಡಿಯೋ ತಯಾರಿಸಿ 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದದ್ದು. ಇಲ್ಲಿ ನೀವು ಚಿತ್ರ ಹಿಡಿಯಬೇಕಿಲ್ಲ, ಆಟವೇ ಲೆಕ್ಕ ಬರೆದಿಡುತ್ತದೆ. ಕಣ್ಣಿಗೆ ಬಿದ್ದ ಬಾಗಿಲು ಯಾವ ಆಯುಧಕ್ಕೆ ತೆರೆಯುವಂಥದ್ದು, ಒಡೆಯಬಹುದೆಂದು ಬಯಲಾದ ಕಲ್ಲು ಯಾವ ಬಗೆಯದು, ಕಂಡೂ ಕೈಗೆ ಸಿಗದ ವಸ್ತು ಎಲ್ಲಿದೆ ಎಲ್ಲವೂ ಬೇರೆ ಬೇರೆ ಚಿಹ್ನೆಗಳಾಗಿ ನಕ್ಷೆ ಸೇರುತ್ತವೆ. ಕಣ್ಣಿಗೆ ಬೀಳದೆ ಅಡಗಿರುವ ವಸ್ತುವಿದ್ದರೆ ನಕ್ಷೆಯ ಆ ಭಾಗ ಮಿನುಗುತ್ತದೆ. ಎಲ್ಲಿ ಎಂದು ಬೊಟ್ಟು ಮಾಡುವುದಿಲ್ಲ, ಈ ಸುತ್ತಿನಲ್ಲಿ ಎಲ್ಲೋ ಇದೆ ಎಂದಷ್ಟೇ ಹೇಳುತ್ತದೆ. ಅನ್ವೇಷಣೆ ಇಷ್ಟಪಡುವವರಿಗೆ ಇದು ಹದವಾದ ಸಹಾಯ: ಹುಡುಕುವ ಸುಖ ನಿಮಗೇ ಉಳಿಯುತ್ತದೆ, ಖಾಲಿ ಗೋಡೆಗಳನ್ನು ಕುಟ್ಟುವ ಕೂಲಿ ಕೆಲಸ ತಪ್ಪುತ್ತದೆ.

ಡ್ರೆಡ್‌ನ ನಕ್ಷೆಯಲ್ಲಿ ಬಹಳ ಜನ ಗಮನಿಸದೇ ಬಿಡುವ ಒಂದು ಸೌಲಭ್ಯವಿದೆ. ಕರ್ಸರನ್ನು ಒಂದು ಬಾಗಿಲಿನ ಚಿಹ್ನೆಯ ಮೇಲಿಟ್ಟು ಆಯ್ಕೆ ಮಾಡಿದರೆ ಅದೇ ಜಾತಿಯ ಬಾಗಿಲುಗಳೆಲ್ಲ ಎದ್ದು ಕಾಣುತ್ತವೆ. ಈಗ ತಾನೇ ಸೂಪರ್ ಮಿಸೈಲ್ ಸಿಕ್ಕಿತು ಎಂದುಕೊಳ್ಳಿ. ಅದಕ್ಕೆ ಮಾತ್ರ ಬಗ್ಗುವ ಬಾಗಿಲುಗಳನ್ನು ಹಿಂದೆ ಎಲ್ಲೆಲ್ಲಿ ಕಂಡಿದ್ದೀರಿ ಎಂದು ತಲೆಗೆ ಕೈಹಚ್ಚಿ ಕೂರಬೇಕಿಲ್ಲ. ಆ ಜಾತಿಯ ಒಂದು ಬಾಗಿಲನ್ನು ಆರಿಸಿ, ಒಂದೊಂದೇ ವಲಯದ ನಕ್ಷೆ ತಿರುವುತ್ತಾ ಹೋದರೆ ಪಟ್ಟಿ ಕಣ್ಣೆದುರು ಬರುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಚಿತ್ರ ನೋಡಿ ನೀವೇ ತರ್ಕ ಮಾಡಬೇಕು; ಇಲ್ಲಿ ತರ್ಕವನ್ನೂ ಆಟವೇ ಮಾಡಿಕೊಡುತ್ತದೆ. ಆದರೆ ಒಂದು ಕೊರತೆ: ಬಾಗಿಲೂ ಅಲ್ಲದ, ವಸ್ತುವೂ ಅಲ್ಲದ, ‘ಈ ಮೂಲೆ ಯಾಕೋ ಸರಿಯಿಲ್ಲ’ ಎನಿಸುವಂಥ ಅನುಮಾನಕ್ಕೆ ಇಲ್ಲಿ ಚಿಹ್ನೆಯಿಲ್ಲ. ಅದಕ್ಕೆ ಬಣ್ಣ ಬಣ್ಣದ ಗುರುತುಗಳನ್ನು ನೀವೇ ನೆಡಬಹುದು, ಆದರೆ ಅವು ಮತ್ತೆ ಕಾರಣ ಹೇಳದ ಚುಕ್ಕೆಗಳೇ. ಬಣ್ಣಕ್ಕೊಂದು ಅರ್ಥವನ್ನು ಮೊದಲೇ ಗೊತ್ತುಮಾಡಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸುವವರಿಗೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ.

ಡ್ರೆಡ್‌ನಲ್ಲಿ ಗುರಿ ತೋರಿಸುವ ಬಾಣವಿಲ್ಲ. ಬದಲಿಗೆ ಕಟ್ಟಡವೇ ನಿಮ್ಮನ್ನು ತಳ್ಳಿಕೊಂಡು ಹೋಗುತ್ತದೆ. ಮುಂದಕ್ಕೆ ನಡೆದಾಗ ಹಿಂದಿನ ದಾರಿ ಸದ್ದಿಲ್ಲದೆ ಮುಚ್ಚಿಕೊಳ್ಳುವುದು, ಮೇಲಿಂದ ಇಳಿದರೆ ಮತ್ತೆ ಹತ್ತಲಾಗದಿರುವುದು, ಇಂಥವು ಇಲ್ಲಿ ಮಾಮೂಲು. ಸಿಕ್ಕಿಹಾಕಿಕೊಂಡೆ ಎನಿಸಿ ಗಾಬರಿಯಾಗುವ ಜಾಗಗಳಲ್ಲೇ ಆಟ ನಿಮಗೆ ದಾರಿ ತೋರಿಸುತ್ತಿರುತ್ತದೆ. ಹೊಸ ಶಕ್ತಿ ಸಿಕ್ಕ ಕೂಡಲೇ ಲೋಕದ ಇನ್ನೊಂದು ತುದಿಗೆ ಓಡಬೇಡಿ. ಆ ಶಕ್ತಿ ಬೇಡುವ ಮೊದಲ ಅಡ್ಡಿ ಸಾಮಾನ್ಯವಾಗಿ ಅದು ಸಿಕ್ಕ ಜಾಗದ ಹತ್ತಿರದಲ್ಲೇ ಇರುತ್ತದೆ. ಅಲ್ಲಿ ದಾರಿ ಕಾಣದಿದ್ದರೆ ಸುತ್ತಲಿನ ಗೋಡೆ, ನೆಲ, ಚಾವಣಿಗೆ ಗುಂಡು ಹಾರಿಸಿ ನೋಡಿ. ಈ ಆಟದಲ್ಲಿ ಜನ ದಾರಿ ತಪ್ಪುವುದು ಹೆಚ್ಚಾಗಿ ಒಡೆಯಬಹುದಾದ ಒಂದೇ ಒಂದು ಕಲ್ಲನ್ನು ಗಮನಿಸದೆ ತಿರುಗಿ ಹೊರಟಾಗ. ಅಂದಹಾಗೆ, ಬೇಕಾದ ಕಡೆಗೆ ಒಂದೇ ಏಟಿಗೆ ಹಾರಿಹೋಗುವ ಸೌಕರ್ಯ ಆಟದ ಬಹುಭಾಗದಲ್ಲಿ ಇಲ್ಲ. ಲಿಫ್ಟ್, ರೈಲು, ಗೊತ್ತಾದ ಎರಡು ಬಿಂದುಗಳನ್ನು ಮಾತ್ರ ಜೋಡಿಸುವ ದ್ವಾರಗಳು ಇವೆ. ನಡೆದಾಡಲು ಬೇಸರಪಡುವವರು ಇದನ್ನು ತಿಳಿದುಕೊಂಡೇ ಕೈಹಾಕಬೇಕು. ಕೈಯಲ್ಲಿ ಹಿಡಿದು ಆಡುವಾಗ ಆ ಪುಟ್ಟ ಪರದೆಯ ಮೇಲೆ ಚಿಹ್ನೆಗಳ ಸಂತೆ ಕಣ್ಣಿಗೆ ಕಷ್ಟ ಕೊಡುತ್ತದೆ ಎಂಬುದೂ ನಿಜ. ನಕ್ಷೆಯನ್ನು ಹಿಗ್ಗಿಸಿ ನೋಡುವುದೇ ವಾಸಿ.

ಇವೆರಡರಷ್ಟು ಬುದ್ಧಿವಂತಿಕೆಯಿಲ್ಲದೆ, ಇನ್ನೂ ಸರಳವಾಗಿ ಮನಸ್ಸಿಗೆ ನೆಮ್ಮದಿ ಕೊಡುವ ನಕ್ಷೆಯೆಂದರೆ ಎಂಡರ್ ಲಿಲೀಸ್‌ನದು. 2021ರ ಈ ಆಟದಲ್ಲಿ ಒಂದೊಂದು ಕೋಣೆಯೂ ಒಂದು ಸಾದಾ ಪೆಟ್ಟಿಗೆ. ಆ ಕೋಣೆಯಲ್ಲಿ ಸಿಗಬೇಕಾದದ್ದೆಲ್ಲ ಸಿಕ್ಕಿದ ಮೇಲೆ ಪೆಟ್ಟಿಗೆಯ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾಗದಿದ್ದರೆ ಏನೋ ಬಾಕಿಯಿದೆ ಎಂದರ್ಥ. ‘ಇಲ್ಲಿ ಮತ್ತೆ ಹುಡುಕಬೇಕೇ ಬೇಡವೇ’ ಎಂಬ ಅನುಮಾನದಲ್ಲಿ ಸವೆಯುವ ಸಮಯ ಎಷ್ಟೆಂದು ಈ ಪ್ರಕಾರದ ಆಟ ಆಡಿದವರಿಗೆ ಗೊತ್ತು. ಆ ಅನುಮಾನವನ್ನು ಈ ಒಂದು ಬಣ್ಣ ಅಳಿಸಿಹಾಕುತ್ತದೆ. ಮುಗಿದ ಕೋಣೆಯನ್ನು ಮನಸ್ಸಿನಿಂದ ತೆಗೆದುಹಾಕಿ ಮುಂದೆ ಹೋಗಬಹುದು. ಕೊರತೆಯೂ ಅದೇ ಸರಳತೆಯಲ್ಲಿದೆ. ಪೆಟ್ಟಿಗೆಯ ಒಳಗಿನ ಕಟ್ಟೆ, ಗುಂಡಿ, ಮೂಲೆಗಳನ್ನು ನಕ್ಷೆ ತೋರಿಸುವುದಿಲ್ಲ. ದೊಡ್ಡ ಕೋಣೆಯಾದರೆ ಏನೋ ಇದೆ ಎಂದು ಗೊತ್ತಿದ್ದೂ ಮೂಲೆ ಮೂಲೆ ತಡಕಬೇಕು. ಮತ್ತೆ, ಆಟದ ವಾತಾವರಣ ವಿಷಾದದ್ದು, ಶತ್ರುಗಳು ಕೈತಪ್ಪಿದರೆ ಬೇಗ ಕೊಲ್ಲುವಂಥವರು. ಮಕ್ಕಳ ಜೊತೆ ಕುಳಿತು ಆಡಲು ಇದು ಬೇಡ.

ಮೂರನೆಯ ತೊಂದರೆ ಇಲ್ಲದೆ ಕೇವಲ ‘ಎಲ್ಲಿಗೆ’ ಎಂಬುದೇ ತೊಂದರೆಯಾಗಿರುವವರಿಗೆ ಇಷ್ಟೆಲ್ಲ ಬೇಕಿಲ್ಲ. 2020ರಲ್ಲಿ ಬಂದ ಓರಿ ಆ್ಯಂಡ್ ದ ವಿಲ್ ಆಫ್ ದ ವಿಸ್ಪ್ಸ್‌ನಲ್ಲಿ ಮುಂದಿನ ಗುರಿ ನಕ್ಷೆಯಲ್ಲೇ ಇರುತ್ತದೆ, ಪ್ರದೇಶದ ನಕ್ಷೆಯನ್ನು ಲೂಪೋ ಎಂಬ ಪಾತ್ರದಿಂದ ಕೊಳ್ಳಬಹುದು, ಓರಿಯ ಓಟ ಎಷ್ಟು ಹಗುರವೆಂದರೆ ತಪ್ಪು ದಾರಿ ಹಿಡಿದು ಮರಳಿ ಬಂದರೂ ಬೇಸರವಾಗುವುದಿಲ್ಲ. ಮೂರು ಆಯಾಮದ ಲೋಕ ಇಷ್ಟವಿರುವವರಿಗೆ ಮೆಟ್ರಾಯ್ಡ್ ಪ್ರೈಮ್ ಇದೆ. 2002ರ ಆ ಆಟ 2023ರಲ್ಲಿ ಹೊಸ ರೂಪದಲ್ಲಿ ಸ್ವಿಚ್‌ಗೆ ಬಂತು. ಬಹಳ ಹೊತ್ತು ಸುಮ್ಮನೆ ಅಲೆದಾಡುತ್ತಿದ್ದರೆ ಅದು ತಾನಾಗಿಯೇ ನಕ್ಷೆಯ ಒಂದು ಕೋಣೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ಬೇಡವೆಂದರೆ ಆ ಸುಳಿವನ್ನು ನಿಲ್ಲಿಸಿಬಿಡಬಹುದು. ಸುಳಿವು ಕೋಣೆಯನ್ನು ತೋರಿಸುತ್ತದೆಯೇ ಹೊರತು ಅಲ್ಲಿಗೆ ಹೋಗುವ ದಾರಿಯನ್ನಲ್ಲ, ಆದ್ದರಿಂದ ಹುಡುಕುವ ಕೆಲಸ ಉಳಿದೇ ಇರುತ್ತದೆ. ಇನ್ನೂ ಗಟ್ಟಿಯಾಗಿ ಕೈಹಿಡಿದು ನಡೆಸುವವರು ಬೇಕೆಂದರೆ ಅದೇ 2002ರ ಮೆಟ್ರಾಯ್ಡ್ ಫ್ಯೂಷನ್. ಅಲ್ಲಿ ಹಡಗಿನ ಕಂಪ್ಯೂಟರ್ ಅಲ್ಲಲ್ಲಿ ನಿಮ್ಮನ್ನು ನಿಲ್ಲಿಸಿ, ಹೋಗಬೇಕಾದ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿ ಕಳುಹಿಸುತ್ತದೆ. ನನ್ನ ಪಾಲಿಗೆ ಅದು ತುಸು ಹೆಚ್ಚಾಯಿತು. ಬೇಕಾದ ಕಡೆ ಅಲೆಯುವ ಸ್ವಾತಂತ್ರ್ಯಕ್ಕಾಗಿಯೇ ಈ ಪ್ರಕಾರವನ್ನು ಹುಡುಕಿ ಬಂದವರಿಗೆ ಅಲ್ಲಿ ಉಸಿರುಗಟ್ಟಬಹುದು.

ಹಾಲೋ ನೈಟ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಈ ಪ್ರಕಾರದ ಆಟ ಯಾವುದನ್ನು ಆಡಲಿ ಎಂದು ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಅದೇ. ಆಸ್ಟ್ರೇಲಿಯಾದ ಟೀಮ್ ಚೆರಿ 2017ರಲ್ಲಿ ತಂದ ಈ ಆಟ ಸೊಗಸಾದದ್ದು ಎಂಬುದರಲ್ಲಿ ತಕರಾರಿಲ್ಲ. ಆದರೆ ಬೇಗ ದಾರಿ ತಪ್ಪುವವರಿಗೆ ಇದನ್ನು ಮೊದಲ ಆಟವಾಗಿ ಕೊಡುವುದು ಅನ್ಯಾಯ. ಏಕೆಂದರೆ ಇಲ್ಲಿ ನಕ್ಷೆ ಎಂಬುದು ಸೌಲಭ್ಯವಲ್ಲ, ಗಳಿಸಬೇಕಾದ ಆಸ್ತಿ. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ನಿಮ್ಮ ಕೈಯಲ್ಲಿ ಅದರ ನಕ್ಷೆಯೇ ಇರುವುದಿಲ್ಲ. ಕಾರ್ನಿಫರ್ ಎಂಬ ನಕ್ಷೆಗಾರ ಆ ಪ್ರದೇಶದಲ್ಲೇ ಎಲ್ಲೋ ಕುಳಿತಿರುತ್ತಾನೆ. ನೆಲದ ಮೇಲೆ ಚೆಲ್ಲಿದ ಕಾಗದಗಳು, ಅವನು ಗುನುಗುವ ಸದ್ದು, ಇವೇ ಅವನ ವಿಳಾಸ. ಅವನನ್ನು ಹುಡುಕಿ, ಆಟದ ನಾಣ್ಯವಾದ ಜಿಯೋ ಕೊಟ್ಟು ನಕ್ಷೆ ಕೊಂಡರೂ ಅದು ಅರ್ಧಂಬರ್ಧ ಚಿತ್ರ. ಉಳಿದದ್ದನ್ನು ತುಂಬಿಸಬೇಕಾದರೆ ಡರ್ಟ್‌ಮೌತ್ ಎಂಬ ಊರಿನಲ್ಲಿ ಅವನ ಹೆಂಡತಿ ಇಸೆಲ್ಡಾಳ ಅಂಗಡಿಯಿಂದ 120 ಜಿಯೋ ಕೊಟ್ಟು ಗರಿಲೇಖನಿ ಕೊಳ್ಳಬೇಕು. ಕೊಂಡ ಮೇಲೂ ನಡೆದ ದಾರಿ ಆಗಿಂದಾಗ್ಗೆ ಮೂಡುವುದಿಲ್ಲ, ಬೆಂಚಿನ ಮೇಲೆ ಕುಳಿತು ವಿಶ್ರಮಿಸಿದಾಗ ಮಾತ್ರ ಸೇರುತ್ತದೆ. ನೀವು ನಕ್ಷೆಯಲ್ಲಿ ಎಲ್ಲಿದ್ದೀರಿ ಎಂದು ತಿಳಿಯಲು 220 ಜಿಯೋ ಬೆಲೆಯ ದಿಕ್ಸೂಚಿ ಬೇಕು, ಅದನ್ನು ಧರಿಸಿದರೆ ಕಾಳಗಕ್ಕೆ ನೆರವಾಗುವ ಇನ್ನೊಂದು ತಾಯಿತದ ಜಾಗವನ್ನು ಅದು ತಿನ್ನುತ್ತದೆ.

ಗಮನಿಸಿ: ನಾನು ಮೇಲೆ ಹೇಳಿದ ಮೊದಲ ತೊಂದರೆ, ತಾನಿರುವ ಜಾಗ ತಿಳಿಯದಿರುವುದು, ಇಂದಿನ ಹೆಚ್ಚಿನ ಆಟಗಳು ಪುಕ್ಕಟೆ ಬಗೆಹರಿಸಿದ ತೊಂದರೆ. ಹಾಲೋ ನೈಟ್ ಅದನ್ನೇ ಬೆಲೆ ಕಟ್ಟಿ ಮಾರುತ್ತದೆ. ಅದು ಬೇಕೆಂದೇ ಮಾಡಿದ್ದು. ಅಪರಿಚಿತ ಪಾತಾಳದಲ್ಲಿ ಒಬ್ಬಂಟಿಯಾದ ಭಾವ ಅದರಿಂದಲೇ ಹುಟ್ಟುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಅದರ ಮುಂದಿನ ಆಟ ಸಿಲ್ಕ್‌ಸಾಂಗ್ ಕೂಡ ನಕ್ಷೆಯನ್ನು ಮಾರುವ ಇದೇ ಪದ್ಧತಿಯನ್ನು ಉಳಿಸಿಕೊಂಡಿದೆ, ಮಾರುವವಳು ಮಾತ್ರ ಶಕ್ರಾ ಎಂಬ ಬೇರೆ ಪಾತ್ರ. ಇಷ್ಟೆಲ್ಲ ತಿಳಿದೂ ಹಾಲೋ ನೈಟ್ ಆಡಿಯೇ ತೀರುತ್ತೇನೆ ಎನ್ನುವವರು ಮೊದಲ ಗಳಿಕೆಯನ್ನು ಬೇರೆ ಯಾವುದಕ್ಕೂ ಸುರಿಯದೆ ಲೇಖನಿ ಮತ್ತು ದಿಕ್ಸೂಚಿಗೆ ಇಡಬೇಕು. ಸಾಮಾನ್ಯ ಓಡಾಟದಲ್ಲಿ ದಿಕ್ಸೂಚಿ ಧರಿಸಿ, ಬಾಸ್ ಕೋಣೆಯ ಮುಂದಿನ ಬೆಂಚಿನಲ್ಲಿ ಕಳಚಿಟ್ಟು ಕಾಳಗದ ತಾಯಿತ ಹಾಕಿಕೊಳ್ಳುವುದು ರೂಢಿಯಾದರೆ ನಷ್ಟವೇನೂ ಇಲ್ಲ. ಹೊಸ ಪ್ರದೇಶದಲ್ಲಿ ಕಾಗದದ ಚೂರು ಕಂಡರೆ ಉಳಿದ ಕೆಲಸ ಬಿಟ್ಟು ಅದರ ಬೆನ್ನು ಹತ್ತಿ.

ಬಾಣವೂ ಬೇಡ, ಬಣ್ಣವೂ ಬೇಡ, ಆದರೆ ಬರೆದಿಟ್ಟುಕೊಳ್ಳಲು ಒಂದು ಜಾಗ ಬೇಕು ಎನ್ನುವವರಿಗೆ 2024ರ ಆ್ಯನಿಮಲ್ ವೆಲ್ ಒಂದು ವಿಶಿಷ್ಟ ಆಯ್ಕೆ. ಅದು ಗುರಿಯನ್ನೇ ಹೇಳುವುದಿಲ್ಲ, ವಿವರಣೆಯ ಮಾತೂ ಆಡುವುದಿಲ್ಲ. ಆದರೆ ಆಟದಲ್ಲೇ ಸಿಗುವ ಮುದ್ರೆಗಳನ್ನು ನಕ್ಷೆಯ ಮೇಲೆ ಒತ್ತಬಹುದು, ಪೆನ್ಸಿಲ್ ಸಿಕ್ಕ ಮೇಲೆ ನಕ್ಷೆಯ ಮೇಲೇ ಗೀಚಬಹುದು. ಬಾಣ ಬರೆದು ‘ಇಲ್ಲಿಂದ ಮೇಲೆ’ ಎಂದು ಗುರುತಿಸಿಕೊಂಡರೆ ಅದು ನಿಮ್ಮದೇ ಭಾಷೆಯ ಟಿಪ್ಪಣಿ. ನೆನಪು ಕೈಕೊಟ್ಟರೂ ಒಗಟು ಬಿಡಿಸುವ ಹಟ ಇರುವವರಿಗೆ ಇದು ಹೊಂದುತ್ತದೆ. ಸೂಚನೆಯಿಲ್ಲದೆ ಕಂಗಾಲಾಗುವವರು ದೂರವಿರುವುದು ಒಳ್ಳೆಯದು.

ಆಟ ಕೊಳ್ಳುವ ಮುನ್ನ ನಕ್ಷೆ ನಿಮಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಪ್ರಿನ್ಸ್ ಆಫ್ ಪರ್ಷಿಯಾಕ್ಕೂ ಡ್ರೆಡ್‌ಗೂ ಉಚಿತ ಡೆಮೊ ಬಂದಿದ್ದವು. ಯಾವುದೇ ಆಟಕ್ಕೆ ಅಂಥ ಡೆಮೊ ಸಿಕ್ಕರೆ ಅದರಲ್ಲಿ ಕಾಳಗಕ್ಕಿಂತ ನಕ್ಷೆಯ ಮೇಲೆ ಕಣ್ಣಿಡಿ. ತೆರೆಯಲಾಗದ ಮೊದಲ ಬಾಗಿಲು ಸಿಕ್ಕ ಕೂಡಲೇ ನಿಂತು ನಕ್ಷೆ ತೆರೆಯಿರಿ. ಆ ಬಾಗಿಲು ಅಲ್ಲಿ ತಾನಾಗಿಯೇ ದಾಖಲಾಗಿದೆಯೇ? ಇಲ್ಲವಾದರೆ ಅದನ್ನು ದಾಖಲಿಸಲು ನಿಮಗೆ ಏನು ಕೊಟ್ಟಿದ್ದಾರೆ: ಚುಕ್ಕೆಯೋ, ಚಿತ್ರವೋ, ಏನೂ ಇಲ್ಲವೋ? ನಂತರ ಆಟವನ್ನು ಮುಚ್ಚಿಟ್ಟು, ನಾಲ್ಕೈದು ದಿನ ಬಿಟ್ಟು ಅದೇ ಸೇವ್ ತೆರೆಯಿರಿ. ಬೇರೆ ಏನನ್ನೂ ನೋಡದೆ ಬರೀ ನಕ್ಷೆ ನೋಡಿಯೇ ಎಲ್ಲಿಗೆ ಹೋಗಬೇಕು, ಏಕೆ ಹೋಗಬೇಕು ಎಂದು ಒಂದು ನಿಮಿಷದಲ್ಲಿ ಹೇಳಬಲ್ಲಿರಾದರೆ ಆ ಆಟ ನಿಮಗೆ ಸರಿ. ‘ಎಲ್ಲಿಗೆ’ ಗೊತ್ತಾಗಿ ‘ಏಕೆ’ ಗೊತ್ತಾಗದಿದ್ದರೆ ನಿಮಗೆ ಬೇಕಾದದ್ದು ಚಿತ್ರ ಹಿಡಿದಿಡುವ ಅಥವಾ ಬಾಗಿಲಿನ ಜಾತಿ ಬರೆದಿಡುವ ನಕ್ಷೆ. ‘ಏಕೆ’ ನೆನಪಿದ್ದು ‘ಎಲ್ಲಿಗೆ’ ತಿಳಿಯದಿದ್ದರೆ ಗುರಿ ತೋರಿಸುವ ಆಟವೊಂದೇ ಸಾಕು, ಓರಿಯಿಂದ ಶುರುಮಾಡಿ.